ಸಮುದ್ರದ ಆಮ್ಲೀಕರಣ: ಕಡಲು ಆಸಿಡ್ ಆಗಿಲ್ಲ, ಕಾರ್ಬೊನೇಟ್ ಕಡಿಮೆ ಆಗ್ತಿದೆ

ಬೆಳ್ಳಗಾದ ಹವಳದ ಒಂದು ಫೋಟೋ. ಅದರ ಕೆಳಗೆ ಒಂದು ಸಾಲು: "ಸಮುದ್ರ ಆಸಿಡ್ ಆಗ್ತಿದೆ, ಹವಳ, ಚಿಪ್ಪು ಎಲ್ಲ ಕರಗ್ತಿವೆ." ಮಂಜೇಶ್ವರದಿಂದ ಚೆರುವತ್ತೂರಿನವರೆಗೆ ಎಲ್ಲ ವಾಟ್ಸಾಪ್ ಗುಂಪುಗಳಲ್ಲೂ ಇದು ಓಡಾಡುತ್ತಿದೆ. ಅದರಲ್ಲಿ ಫೋಟೋಗೂ ಸಾಲಿಗೂ ಸಂಬಂಧವೇ ಇಲ್ಲ. ಹವಳ ಬೆಳ್ಳಗಾಗುವುದು ಬಿಸಿಯಿಂದ. ನೀರು ತುಂಬ ದಿನ ಬೆಚ್ಚಗಿದ್ದರೆ ಹವಳವು ತನ್ನ ಮೈಯಲ್ಲಿರುವ ಪಾಚಿಯನ್ನು ಹೊರಹಾಕುತ್ತದೆ, ಆಗ ಒಳಗಿನ ಬಿಳಿ ಸುಣ್ಣ ಕಾಣುತ್ತದೆ. ನಮ್ಮ ಎದುರಿನ ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಆದದ್ದು ಇದೇ. ಆಮ್ಲೀಕರಣ ಬೇರೆ ಸಂಗತಿ, ಗಾಳಿಯಲ್ಲಿ ಹೆಚ್ಚಿದ ಕಾರ್ಬನ್ ಡೈಆಕ್ಸೈಡ್ ಕಡಲ ನೀರಿಗೆ ಸೇರಿ ಆಗುವಂಥದ್ದು. ಅದು ಫೋಟೋದಲ್ಲಿ ಕಾಣುವುದಿಲ್ಲ.

ಕಡಲು ಆಸಿಡ್ ಆಗಿದೆ ಅನ್ನುವುದೂ ಸರಿಯಲ್ಲ. ಕಡಲ ಮೇಲ್ನೀರಿನ pH ಕೈಗಾರಿಕೆಗಳು ಶುರುವಾಗುವ ಮೊದಲು ಸುಮಾರು 8.2 ಇತ್ತು, ಈಗ 8.1ರ ಆಸುಪಾಸು. 7ಕ್ಕಿಂತ ಮೇಲಿದ್ದರೆ ಅದು ಕ್ಷಾರವೇ. ಆಮ್ಲೀಕರಣ ಅಂದರೆ ಆಮ್ಲದ ಕಡೆಗೆ ಜರುಗುವುದು, ಅಷ್ಟೇ. ಹಾಗಂತ 0.1 ಸಣ್ಣದು ಅಂತ ಬಿಟ್ಟುಬಿಡುವ ಹಾಗೂ ಇಲ್ಲ. pH ಲಾಗ್ ಲೆಕ್ಕ. 8.2ರಿಂದ 8.1ಕ್ಕೆ ಇಳಿದರೆ ಹೈಡ್ರೋಜನ್ ಅಯಾನುಗಳು ನೂರಕ್ಕೆ 26ರಷ್ಟು ಜಾಸ್ತಿಯಾಗುತ್ತವೆ.

ನನಗೆ ನಿಜಕ್ಕೂ ತಲೆಕೆಡುವುದು ಇನ್ನೊಂದು ಗೊಂದಲದಿಂದ. ಓದಿದವರೇ ಕೇಳುತ್ತಾರೆ: "ಚಿಪ್ಪು ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ನೀರಿಗೆ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಬಂದರೆ ಕಾರ್ಬೊನೇಟ್ ಕೂಡ ಜಾಸ್ತಿ ಆಗಬೇಕಲ್ವಾ? ಚಿಪ್ಪಿಗೆ ಒಳ್ಳೆಯದೇ ಅಲ್ವಾ?" ಪ್ರಶ್ನೆ ಸಹಜ. ಉತ್ತರ ತಲೆಕೆಳಗು. ಹಂತಹಂತವಾಗಿ ನೋಡಿ:

```
1) CO2 + H2O  ⇌ H2CO3
2) H2CO3      ⇌ H+ + HCO3-
3) H+ + CO3-- ⇌ HCO3-
```

ಮೊದಲ ಎರಡು ಹಂತ ಎಲ್ಲರಿಗೂ ಗೊತ್ತು. ಅನಿಲ ನೀರಿಗೆ ಸೇರಿ ಕಾರ್ಬೊನಿಕ್ ಆಮ್ಲವಾಗುತ್ತದೆ, ಅದು ಒಡೆದು ಒಂದು ಹೈಡ್ರೋಜನ್ ಅಯಾನು, ಒಂದು ಬೈಕಾರ್ಬೊನೇಟ್ ಆಗುತ್ತದೆ. ಬಹಳಷ್ಟು ಬರಹಗಳು ಇಲ್ಲಿಗೇ ನಿಲ್ಲುತ್ತವೆ. ಆದರೆ ವಿಷಯ ಇರುವುದು ಮೂರನೆಯದರಲ್ಲಿ. ಬಿಡುಗಡೆಯಾದ ಹೈಡ್ರೋಜನ್ ಸುಮ್ನೆ ಇರುವುದಿಲ್ಲ. ನೀರಿನಲ್ಲಿ ಮೊದಲೇ ಇರುವ ಕಾರ್ಬೊನೇಟನ್ನು ಹಿಡಿದು ಅದನ್ನೂ ಬೈಕಾರ್ಬೊನೇಟ್ ಮಾಡಿಬಿಡುತ್ತದೆ. ಮೂರನ್ನೂ ಕೂಡಿಸಿದರೆ:

```
CO2 + CO3-- + H2O → 2 HCO3-
```

ಅಂದರೆ ಹೊರಗಿಂದ ಒಂದು ಕಾರ್ಬನ್ ಬಂತು, ಒಳಗಿದ್ದ ಒಂದು ಕಾರ್ಬೊನೇಟ್ ಹೋಯಿತು. ಒಟ್ಟು ಕಾರ್ಬನ್ ಹೆಚ್ಚಿತು, ಬೈಕಾರ್ಬೊನೇಟ್ ಹೆಚ್ಚಿತು, ಕಾರ್ಬೊನೇಟ್ ಮಾತ್ರ ಇಳಿಯಿತು. ಕಡಲಲ್ಲಿ ಕರಗಿರುವ ಇಂಥ ಕಾರ್ಬನ್‌ನಲ್ಲಿ ನೂರಕ್ಕೆ ಸುಮಾರು 90 ಪಾಲು ಬೈಕಾರ್ಬೊನೇಟ್, 10 ಪಾಲಿನಷ್ಟು ಕಾರ್ಬೊನೇಟ್, ಅನಿಲವಾಗಿಯೇ ಉಳಿದದ್ದು ಒಂದಕ್ಕಿಂತ ಕಡಿಮೆ. ಇರುವ ಸಣ್ಣ ಪಾಲೇ ಖರ್ಚಾಗುತ್ತಿದೆ. pH ಅಷ್ಟು ನಿಧಾನವಾಗಿ ಇಳಿಯುವುದಕ್ಕೂ ಮುಖ್ಯ ಕಾರಣ ಇದೇ: ಬಂದ ಹೈಡ್ರೋಜನ್‌ನ ಬಹುಭಾಗವನ್ನು ಕಾರ್ಬೊನೇಟ್ ನುಂಗಿಕೊಳ್ಳುತ್ತಿದೆ. ಬರೀ pH ನೋಡಿ "ಏನೂ ಆಗಿಲ್ಲ" ಅನ್ನುವವರು ಈ ಖರ್ಚನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಂಬಿಕೆ ಬರದಿದ್ದರೆ ಮನೆಯಲ್ಲೇ ನೋಡಬಹುದು. ಎಲೆಯಡಿಕೆಯ ಸುಣ್ಣ ಒಂದು ಚಿಟಿಕೆ ನೀರಿಗೆ ಹಾಕಿ ಕದಡಿ, ರಾತ್ರಿಯಿಡೀ ಬಿಟ್ಟು ಮೇಲಿನ ತಿಳಿಯನ್ನು ಮಾತ್ರ ಲೋಟಕ್ಕೆ ಬಗ್ಗಿಸಿ, ಅಷ್ಟೇ ನೀರು ಬೆರೆಸಿ. ಸ್ಟ್ರಾದಲ್ಲಿ ಊದಿ. ಹೀರಬೇಡಿ, ಬಾಯಿ ಸುಡುತ್ತದೆ. ತಿಳಿ ಹಾಲಿನಂತಾಗುತ್ತದೆ, ಅದು ಚಿಪ್ಪಿನದೇ ವಸ್ತು, ಕ್ಯಾಲ್ಸಿಯಂ ಕಾರ್ಬೊನೇಟ್. ಶಾಲೆಯಲ್ಲಿ ಪ್ರಯೋಗ ಇಲ್ಲಿಗೆ ಮುಗಿಸುತ್ತಾರೆ. ನೀವು ನಿಲ್ಲಿಸಬೇಡಿ, ನಡುನಡುವೆ ಉಸಿರು ತೆಗೆದುಕೊಂಡು ಊದುತ್ತಾ ಹೋಗಿ. ಸ್ವಲ್ಪ ಹೊತ್ತಿಗೆ ಹಾಲು ಮತ್ತೆ ತಿಳಿಯಾಗತೊಡಗುತ್ತದೆ. ಜಾಸ್ತಿಯಾದ ಅನಿಲ ಕಾರ್ಬೊನೇಟನ್ನು ಬೈಕಾರ್ಬೊನೇಟ್ ಮಾಡಿ ಕರಗಿಸಿತು. ಅದನ್ನೇ ಕುದಿಸಿದರೆ ಅನಿಲ ಹೊರಟುಹೋಗಿ ಮತ್ತೆ ಬಿಳಿ ಕಾಣಿಸಿಕೊಳ್ಳುತ್ತದೆ. ಸಮೀಕರಣದಲ್ಲಿ ಎರಡೂ ಕಡೆ ಬಾಣ ಹಾಕುವುದು ಇದಕ್ಕೇ.

ಆದರೆ ಲೋಟದಲ್ಲಿ ಆದದ್ದೇ ಕಡಲಲ್ಲೂ ಆಗುತ್ತಿದೆ ಎಂದುಕೊಳ್ಳಬಾರದು. ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಎರಡರ ಪ್ರಮಾಣ ಗುಣಿಸಿ, ಆ ಖನಿಜ ಎಷ್ಟಕ್ಕೆ ಕರಗುತ್ತದೋ ಆ ಮಿತಿಯಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಒಮೆಗಾ ಅನ್ನುತ್ತಾರೆ. ಒಂದಕ್ಕಿಂತ ಕೆಳಗಿದ್ದರೆ ಸುಣ್ಣ ಕರಗುತ್ತದೆ, ಮೇಲಿದ್ದರೆ ಇಲ್ಲ. ಹವಳ ಕಟ್ಟುವುದು ಅರಗೊನೈಟ್ ಎಂಬ, ಸ್ವಲ್ಪ ಬೇಗ ಕರಗುವ ಬಗೆಯ ಸುಣ್ಣ. ಅದಕ್ಕೂ ಬೆಚ್ಚಗಿನ ಕಡಲುಗಳ ಮೇಲ್ನೀರಿನಲ್ಲಿ ಒಮೆಗಾ ಇನ್ನೂ ಒಂದಕ್ಕಿಂತ ಸಾಕಷ್ಟು ಮೇಲಿದೆ. ಹಾಗಾಗಿ ಅಲ್ಲಿನ ತೊಂದರೆ ಕರಗುವುದಲ್ಲ, ಕಟ್ಟುವುದು ದುಬಾರಿಯಾಗುವುದು. ಹವಳ ತನ್ನ ಮೈಗೂ ಸುಣ್ಣಕ್ಕೂ ನಡುವಿನ ತೆಳ್ಳಗಿನ ದ್ರವದಿಂದ ಹೈಡ್ರೋಜನ್ ಅಯಾನುಗಳನ್ನು ಹೊರಗೆ ತಳ್ಳುತ್ತಲೇ ಇರಬೇಕು, ಆಗಲೇ ಬೈಕಾರ್ಬೊನೇಟ್ ಕಾರ್ಬೊನೇಟ್ ಆಗಿ ಸುಣ್ಣ ಕೂರುತ್ತದೆ. ಹೊರಗೇ ಹೈಡ್ರೋಜನ್ ಜಾಸ್ತಿಯಿದ್ದರೆ ತಳ್ಳಲು ಹೆಚ್ಚು ಶಕ್ತಿ ಬೇಕು. ಆ ಶಕ್ತಿ ಬೆಳವಣಿಗೆಯ ಪಾಲಿನಿಂದಲೇ ಹೋಗುತ್ತದೆ.

ಇದು ಎಲ್ಲಕ್ಕಿಂತ ಹೆಚ್ಚು ತಟ್ಟುವುದು ಮರಿಗಳಿಗೆ. ಅಮೆರಿಕದ ಓರೆಗಾನ್ ಕರಾವಳಿಯ ವಿಸ್ಕಿ ಕ್ರೀಕ್ ಎಂಬ ಹ್ಯಾಚರಿಯಲ್ಲಿ 2007ರಿಂದ ಸಿಂಪಿಮರಿಗಳು ರಾಶಿರಾಶಿಯಾಗಿ ಸತ್ತವು. ಮೊದಲು ಬ್ಯಾಕ್ಟೀರಿಯಾದ ಮೇಲೆ ಅನುಮಾನ. ನೀರು ಶುದ್ಧ ಮಾಡಿದರೂ ಸಾವು ನಿಲ್ಲಲಿಲ್ಲ. ನೀರಿನ ರಸಾಯನ ಅಳೆದಾಗ ಗುಟ್ಟು ಸಿಕ್ಕಿತು: ಗಾಳಿಯ ದೆಸೆಯಿಂದ ಕಡಲಾಳದ ನೀರು ಮೇಲೆದ್ದ ದಿನಗಳಲ್ಲಿ ಕೊಲ್ಲಿಗೆ ಬರುತ್ತಿದ್ದ ನೀರಿನಲ್ಲಿ ಇಂಗಾಲದ ಅನಿಲ ಜಾಸ್ತಿ, ಕಾರ್ಬೊನೇಟ್ ಕಡಿಮೆ. ಸಿಂಪಿಮರಿ ತನ್ನ ಮೊದಲ ಚಿಪ್ಪನ್ನು ಎರಡೇ ದಿನದಲ್ಲಿ ಕಟ್ಟಬೇಕು, ಅದೂ ಅರಗೊನೈಟಿನಲ್ಲಿ, ಮೊಟ್ಟೆಯಲ್ಲಿದ್ದ ಶಕ್ತಿಯಿಂದಲೇ. ಆ ಎರಡು ದಿನ ಕೆಟ್ಟ ನೀರು ಸಿಕ್ಕರೆ ಮರಿ ಮುಂದೆ ಬೆಳೆಯುವುದಿಲ್ಲ. ಒಮೆಗಾ ಒಂದರ ಕೆಳಗೆ ಹೋಗಬೇಕೆಂದೂ ಇಲ್ಲ. ಹ್ಯಾಚರಿಯವರು ನೀರಿಗೆ ಸೋಡಿಯಂ ಕಾರ್ಬೊನೇಟ್ ಬೆರೆಸಿದರು. ಕೊಲ್ಲಿಯ ನೀರೊಳಗಿನ ಹುಲ್ಲು ಬಿಸಿಲಿನಲ್ಲಿ ಅನಿಲ ಹೀರಿಕೊಂಡ ಮೇಲೆ, ಅಂದರೆ ಮಧ್ಯಾಹ್ನದ ನಂತರ, ತೊಟ್ಟಿ ತುಂಬಿಸಿದರು. ಮರಿಗಳು ಉಳಿದವು.

ಈ ಕತೆಯನ್ನು ಹಾಗೇ ತಂದು ನಮ್ಮ ಪಡನ್ನದ ಕಲ್ಲುಮ್ಮಕ್ಕಾಯಿಗೆ, ಅಂದರೆ ಹಿನ್ನೀರಿನಲ್ಲಿ ಹಗ್ಗಕ್ಕೆ ಕಟ್ಟಿ ಬೆಳೆಸುವ ಪಚ್ಚಿಲೆಗೆ, ಅಂಟಿಸುವುದನ್ನೂ ನೋಡಿದ್ದೇನೆ. ಮಳೆಗಾಲದಲ್ಲಿ ಹಗ್ಗದಲ್ಲಿ ಉಳಿದ ಪಚ್ಚಿಲೆ ಸತ್ತರೆ ಅದಕ್ಕೆ ಮೊದಲ ಕಾರಣ ಹಿನ್ನೀರಿಗೆ ನುಗ್ಗುವ ಸಿಹಿನೀರು. ಉಪ್ಪು ಇಳಿಯುವ ಮೊದಲೇ ಕೊಯ್ಲು ಮುಗಿಸಬೇಕು ಅಂತ ಅಲ್ಲಿನ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊಳೆಯ ನೀರಿನಲ್ಲಿ ಕ್ಯಾಲ್ಸಿಯಂ, ಬೈಕಾರ್ಬೊನೇಟ್ ಎರಡೂ ಕಡಲಿಗಿಂತ ಕಡಿಮೆ, ಹಾಗಾಗಿ ಅಲ್ಲಿ ಒಮೆಗಾ ಇಳಿಯುವುದೂ ನಿಜ. ಆದರೆ ಅದು ಮಳೆಯ ಕೆಲಸ, ಪ್ರತಿ ವರ್ಷ ಬಂದು ಹೋಗುವಂಥದ್ದು. ಆಮ್ಲೀಕರಣ ಅನ್ನಬೇಕಾದರೆ ವರ್ಷಗಟ್ಟಲೆ ಒಂದೇ ಕಡೆ ಅಳೆದ ಲೆಕ್ಕ ಬೇಕು. ಅದೂ ಬಣ್ಣದ ಕಾಗದ ಅದ್ದಿ ಅಲ್ಲ, ಅದರಲ್ಲಿ 0.1 ತಿಳಿಯುವುದೇ ಇಲ್ಲ. ಜೊತೆಗೆ pH ಒಂದೇ ಸಾಲದು. ಕ್ಷಾರತೆ, ಒಟ್ಟು ಕರಗಿದ ಕಾರ್ಬನ್, ಅನಿಲದ ಒತ್ತಡ, ಇವುಗಳಲ್ಲಿ ಇನ್ನೊಂದಾದರೂ ಗೊತ್ತಿದ್ದರೆ ಮಾತ್ರ ಕಾರ್ಬೊನೇಟ್ ಎಷ್ಟಿದೆ ಅಂತ ಲೆಕ್ಕ ಹಾಕಬಹುದು, ಉಪ್ಪು ಮತ್ತು ಬಿಸಿಯ ಅಳತೆಯನ್ನೂ ಸೇರಿಸಿ.