ಮೆಸೇಜ್ ಬಂದಿದೆ ಅಂದರೆ ಆರ್ಡರ್ ಆಯ್ತು ಅಂತಲ್ಲ

ಸಣ್ಣ ಅಂಗಡಿಯವರು ವಾಟ್ಸಾಪ್‌ನಲ್ಲಿ ಗಿರಾಕಿಗಳಿಗೆ ಕಳಿಸುವ ಆರ್ಡರ್ ಮೆಸೇಜ್ ಬರೆಯುವ ಬಗೆ ಈ ಸಲದ ಪಾಠ. ಮೈಸೂರಿನಲ್ಲಿ ನಮ್ಮ ಅತ್ತಿಗೆಯ ಒಬ್ಬಟ್ಟಿನ ಅಂಗಡಿಯನ್ನೇ ಉದಾಹರಣೆಗೆ ತಗೊಂಡಿದ್ದೇನೆ.

ಯುಗಾದಿಗೆ ಮೂರು ದಿನ ಇರುವಾಗ, ರಾತ್ರಿ ಹತ್ತಕ್ಕೆ ಒಬ್ಬರು "ಒಬ್ಬಟ್ಟು 20 ಬೇಕು" ಅಂತ ಕಳಿಸಿದರು. "ಧನ್ಯವಾದ, ನಿಮ್ಮ ಮೆಸೇಜ್ ಬಂದಿದೆ" ಅಂತ ತಕ್ಷಣ ಉತ್ತರ ಹೋಯಿತು. ಅವರು ಆರ್ಡರ್ ಆಯ್ತು ಅಂದುಕೊಂಡರು. ಹಬ್ಬದ ಬೆಳಿಗ್ಗೆ ಬಂದರೆ ಪುಸ್ತಕದಲ್ಲಿ ಅವರ ಹೆಸರೇ ಇಲ್ಲ. ಅತ್ತಿಗೆಗೂ ಬೇಜಾರು, ಅವರಿಗೂ ಬೇಜಾರು.

ತಪ್ಪು ಎಲ್ಲಿ ಅಂತ ನೋಡಿ. ಆ ಉತ್ತರ ಕಳಿಸಿದ್ದು ಆ್ಯಪ್. ವಾಟ್ಸಾಪ್ ಬಿಸಿನೆಸ್‌ನಲ್ಲಿ ಇಂಥ ಮೆಸೇಜ್ ಎರಡಿವೆ. ಅಂಗಡಿ ಮುಚ್ಚಿದ ಹೊತ್ತಿನಲ್ಲಿ ಹೋಗುವಂತೆ ಇಡಬಹುದಾದದ್ದು 'Away' ಮೆಸೇಜ್. ಮೊದಲ ಸಲ ಬರೆದವರಿಗೆ, ಇಲ್ಲವೇ 14 ದಿನ ಮಾತೇ ಆಡದವರಿಗೆ ಹೋಗುವುದು ಗ್ರೀಟಿಂಗ್ ಮೆಸೇಜ್. ಎರಡು ನೀಲಿ ಟಿಕ್ ಬಿದ್ದರೂ ಯಾರೋ ಚಾಟ್ ತೆರೆದಿದ್ದಾರೆ ಅಂತಷ್ಟೇ ಅರ್ಥ.

ಆದ್ದರಿಂದ ಮೆಸೇಜಿನಲ್ಲಿ ಎರಡು ವಿಷಯ ಬಿಡಿಸಿ ಹೇಳಬೇಕು: ಗಿರಾಕಿ ಏನು ಬರೆಯಬೇಕು, ನಮ್ಮ ಯಾವ ಉತ್ತರಕ್ಕೆ ಏನರ್ಥ. ಅತ್ತಿಗೆ ಈಗ ಕಳಿಸುವುದು ಇದು:

"ನಮಸ್ಕಾರ. ಒಬ್ಬಟ್ಟು ಬೇಕಿದ್ದರೆ ಬೇಳೆಯದೋ ಕಾಯಿಯದೋ, ಎಷ್ಟು, ಯಾವ ದಿನ, ಎಷ್ಟು ಗಂಟೆಗೆ, ಯಾರ ಹೆಸರಿಗೆ ಅಂತ ಒಂದೇ ಮೆಸೇಜಿನಲ್ಲಿ ಬರೆಯಿರಿ. ಎರಡು ದಿನ ಮುಂಚೆ ಹೇಳಬೇಕು. ಈ ಮೆಸೇಜ್ ತಾನಾಗಿಯೇ ಬರುತ್ತದೆ, ಇದರಿಂದ ಆರ್ಡರ್ ಆದಂತಲ್ಲ. ನಾವು ಓದಿ, ಲೆಕ್ಕ ಹಾಕಿ, ಒಟ್ಟು ಹಣ ತಿಳಿಸುತ್ತೇವೆ. ಅರ್ಧ ಹಣ ಬಂದ ಮೇಲೆ 'ಬರೆದುಕೊಂಡಿದ್ದೇವೆ' ಅಂತ ಆರ್ಡರ್ ನಂಬರ್ ಕಳಿಸುತ್ತೇವೆ. ನಂಬರ್ ಬಂದರೆ ಮಾತ್ರ ಆರ್ಡರ್ ಆಯ್ತು ಅಂತ."

ಇಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಆ ನಂಬರ್. ಅದನ್ನು ಆ್ಯಪ್ ಕೊಡುವುದಿಲ್ಲ. ಅತ್ತಿಗೆ ಪುಸ್ತಕದಲ್ಲಿ ಬರೆದಾಗಲೇ ಹುಟ್ಟುತ್ತದೆ. ಹಣ ಬಂದಿದೆಯಾ ಅಂತ ಬ್ಯಾಂಕ್ ಖಾತೆ ನೋಡಿಯೇ ನಂಬರ್ ಕೊಡುತ್ತಾರೆ, ಗಿರಾಕಿ ಕಳಿಸಿದ ಸ್ಕ್ರೀನ್‌ಶಾಟ್ ನೋಡಿ ಅಲ್ಲ.

ಒಂದು ಕಡೆ ಎಡವುತ್ತೇವೆ. ಈ ಮೆಸೇಜನ್ನು ಗ್ರೀಟಿಂಗ್‌ನಲ್ಲಿ ಮಾತ್ರ ಇಟ್ಟರೆ ವಾರವಾರ ಬರುವ ಗಿರಾಕಿಗೆ ಅದು ಕಾಣುವುದೇ ಇಲ್ಲ, 14 ದಿನದ ಲೆಕ್ಕ ಇದೆ ಅಲ್ವಾ. ಅದಕ್ಕೆ ಇದನ್ನೇ ಕ್ವಿಕ್ ರಿಪ್ಲೈ ಆಗಿಯೂ ಉಳಿಸಿಡಿ. ಆಗ "ತಾನಾಗಿಯೇ ಬರುತ್ತದೆ" ಅನ್ನುವ ಸಾಲು ತೆಗೆಯಿರಿ. ಚಾಟ್‌ನಲ್ಲಿ `/` ಒತ್ತಿ ಆರಿಸಿದರೆ ಪೂರ್ತಿ ಮೆಸೇಜ್ ಬರುತ್ತದೆ.

ಮೊದಲ ಕರಡಿನಲ್ಲಿ ಅತ್ತಿಗೆ ಒಂದು ಸಾಲು ಬಿಟ್ಟಿದ್ದರು. ಆಗದಿದ್ದರೆ ಏನು? ಸುಮ್ನೆ ಇದ್ದರೆ ಗಿರಾಕಿ ಕಾಯುತ್ತಲೇ ಇರುತ್ತಾರೆ. ಈಗ ಕೊನೆಗೆ ಹೀಗೆ ಸೇರಿಸಿದ್ದಾರೆ: "ಮಾಡಿಕೊಡಲು ಆಗದಿದ್ದರೆ ಮಾರನೇ ದಿನ ಬೆಳಿಗ್ಗೆ 11ರೊಳಗೆ 'ಆಗುವುದಿಲ್ಲ' ಅಂತ ತಿಳಿಸುತ್ತೇವೆ." ಬೇರೆ ಕಡೆ ಹೇಳಿಕೊಳ್ಳಲು ಅವರಿಗೆ ಇನ್ನೂ ಹೊತ್ತಿರುತ್ತದೆ.