“ಸಮಾಧಾನ ಮಾಡ್ಕೊಳ್ಳಿ ಸರ್” ಅಂದರೆ ಕೋಪ ಯಾಕೆ ಏರುತ್ತದೆ?

ರಾತ್ರಿ 11:40. ಹೋಟೆಲಿನ ರಿಸೆಪ್ಷನ್ ಫೋನ್ ರಿಂಗಾಗುತ್ತದೆ. 312ನೇ ರೂಮಿನ ಅತಿಥಿ. ಎರಡು ಮಂಚದ ರೂಮ್ ಬುಕ್ ಮಾಡಿದ್ದರು, ಸಿಕ್ಕಿದ್ದು ಒಂದೇ ಮಂಚದ್ದು. ಜೊತೆಗೆ ಮಂಡಿನೋವಿನ ತಾಯಿ ಇದ್ದಾರೆ. 11 ಗಂಟೆಗೆ ಫೋನ್ ಮಾಡಿದಾಗ “ಐದೇ ನಿಮಿಷ, ಇನ್ನೊಂದು ಬೆಡ್ ಕಳಿಸ್ತೀವಿ” ಅಂದಿದ್ದರು. ಬೆಡ್ ಬಂದಿಲ್ಲ. ಈಗ ಅವರು ಕೂಗಾಡುತ್ತಿದ್ದಾರೆ. ಈ ಕಡೆಯ ಹುಡುಗ ಬಾಯಿ ತೆರೆದವನೇ, “ಸರ್, ದಯವಿಟ್ಟು ಸಮಾಧಾನ ಮಾಡ್ಕೊಳ್ಳಿ” ಅಂದ.

ಕೆಟ್ಟಿತು ಕೆಲಸ.

ನಾನು ಇಂಥ ಹುಡುಗರಿಗೆ ತರಬೇತಿಯ ಸ್ಕ್ರಿಪ್ಟ್ ಬರೆಯುವವನು. ಯಾವ ಸಾಲು ಯಾಕೆ ಅನ್ನುವುದನ್ನು ಹೇಳದೆ ಬರೀ ಸಾಲು ಬಾಯಿಪಾಠ ಮಾಡಿಸಿದರೆ ಎರಡು ದಿನ ನಿಲ್ಲುತ್ತದೆ, ಅಷ್ಟೇ. ಹಾಗಾಗಿ ಮೊದಲ ಪಾಠ ಯಾವಾಗಲೂ ಅಡ್ರಿನಲಿನ್.

ಕೋಪ ಬಂದಾಗ ಮೈಯಲ್ಲಿ ಏನಾಗುತ್ತದೆ ಅಂತ ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಲ್ಲೇ ವಿವರವಾಗಿ ಬರೆದಿದ್ದರು. ಕಾದಾಡು, ಇಲ್ಲವೇ ಓಡಿಹೋಗು ಎಂದು ದೇಹ ಸಜ್ಜಾಗುತ್ತದೆ. ಎದೆಬಡಿತ ಏರುತ್ತದೆ, ಉಸಿರು ಜೋರಾಗುತ್ತದೆ. ತಮಾಷೆ ಏನು ಗೊತ್ತಾ? ಇದಕ್ಕೆ ಕಾರಣವಾದ ಅಡ್ರಿನಲಿನ್ ರಕ್ತದಲ್ಲಿ ಜಾಸ್ತಿ ಹೊತ್ತು ಉಳಿಯುವುದೇ ಇಲ್ಲ. ಎರಡು ಮೂರು ನಿಮಿಷದಲ್ಲಿ ಅರ್ಧದಷ್ಟು ಖಾಲಿಯಾಗುತ್ತದೆ. ಹಾಗಿದ್ದರೆ ಅರ್ಧ ಗಂಟೆ ಜಗಳ ಹೇಗೆ ನಡೆಯುತ್ತದೆ? ಮಧ್ಯೆ ಮಧ್ಯೆ ಯಾರೋ ಹೊಸದಾಗಿ ಸುರಿಯುತ್ತಿದ್ದಾರೆ ಅಂತ ಅರ್ಥ.

ಒಲೆಯ ಮೇಲಿನ ಹಾಲು ನೆನಪಿಸಿಕೊಳ್ಳಿ. ಉಕ್ಕುತ್ತಿರುವಾಗ ಉರಿ ತಗ್ಗಿಸಿದರೆ ತಾನಾಗಿಯೇ ಕೆಳಗಿಳಿಯುತ್ತದೆ. ಇಳಿಯಲು ಒಂದಿಷ್ಟು ಹೊತ್ತು ಬೇಕು, ಅಷ್ಟೇ. ಅಥವಾ ಉಯ್ಯಾಲೆ ಅಂದುಕೊಳ್ಳಿ. ಬಿಟ್ಟರೆ ನಿಲ್ಲುತ್ತದೆ, ಆದರೆ ಪ್ರತಿ ಸಲ ಹತ್ತಿರ ಬಂದಾಗ ಒಂದು ಸಣ್ಣ ತಳ್ಳು ಕೊಟ್ಟರೆ ಸಂಜೆವರೆಗೂ ಆಡುತ್ತದೆ. “ಸಮಾಧಾನ ಮಾಡ್ಕೊಳ್ಳಿ” ಅಂಥದೊಂದು ತಳ್ಳು. ಯಾಕೆಂದರೆ ಆ ಮಾತು ಬೆಡ್‌ನ ವಿಷಯ ಬಿಟ್ಟು ಮನುಷ್ಯನ ನಡತೆಯನ್ನು ಹಿಡಿಯುತ್ತದೆ. ತಪ್ಪು ಹೋಟೆಲಿನದು, ಬುದ್ಧಿಮಾತು ಅತಿಥಿಗೆ! “ನಮ್ಮ ರೂಲ್ಸ್ ಪ್ರಕಾರ”, “ಅದು ನನ್ನ ಡಿಪಾರ್ಟ್‌ಮೆಂಟ್ ಅಲ್ಲ”, “ನಾನು ಹೇಳೋದನ್ನ ಸ್ವಲ್ಪ ಕೇಳಿ” ಇವೂ ಅದೇ ಜಾತಿಯವು.

ಇಲ್ಲಿ ಇನ್ನೊಂದು ಮೂಢನಂಬಿಕೆಯ ಬಗ್ಗೆ ಹೇಳಲೇಬೇಕು. “ಕೂಗಲಿ ಬಿಡಿ, ಒಳಗಿರೋದೆಲ್ಲ ಹೊರಗೆ ಬರಲಿ” ಅನ್ನುವ ತರಬೇತುದಾರರು ಬಹಳ ಇದ್ದಾರೆ. ಕೋಪವನ್ನು ಕುಕ್ಕರಿನ ಆವಿ ಅಂದುಕೊಂಡವರು ಇವರು. ಮನಸ್ಸಿನ ಒತ್ತಡ ಹೊರಹಾಕಿದರೆ ವಾಸಿಯಾಗುತ್ತದೆ ಅನ್ನುವ ವಿಚಾರವನ್ನು ಬ್ರಾಯರ್ ಮತ್ತು ಫ್ರಾಯ್ಡ್ 1895ರಲ್ಲಿ ತಮ್ಮ ರೋಗಿಗಳ ಕುರಿತ ಪುಸ್ತಕದಲ್ಲಿ ಮುಂದಿಟ್ಟರು. ಅಲ್ಲಿಂದ ಅದು ಮನೆಮಾತಾಯಿತು. ಬ್ರಾಡ್ ಬುಷ್‌ಮನ್ ಎಂಬ ಮನಶ್ಶಾಸ್ತ್ರಜ್ಞ ಇದನ್ನು ಪರೀಕ್ಷೆ ಮಾಡಿ 2002ರಲ್ಲಿ ಪ್ರಕಟಿಸಿದರು. ಮೊದಲು ವಿದ್ಯಾರ್ಥಿಗಳಿಗೆ ಕೋಪ ಬರಿಸಿದರು. ಆಮೇಲೆ ಕೆಲವರಿಗೆ, ಕೋಪ ತರಿಸಿದವನನ್ನೇ ನೆನೆಯುತ್ತಾ ಗುದ್ದುವ ಚೀಲಕ್ಕೆ ಗುದ್ದಲು ಹೇಳಿದರು. ಕೆಲವರನ್ನು ಸುಮ್ನೆ ಕೂರಿಸಿದರು. ಗುದ್ದಿದವರ ಕೋಪವೇ ಜಾಸ್ತಿ ಉಳಿಯಿತು. ಆವಿಯಾಗಿದ್ದರೆ ಖಾಲಿಯಾಗಬೇಕಿತ್ತು, ಅಲ್ವಾ?

ಹಾಗಂತ ಅತಿಥಿಯ ಮಾತನ್ನು ತುಂಡರಿಸಬೇಡಿ. ಮೊದಲ ಸುತ್ತು ಪೂರ್ತಿ ಕೇಳಿ. ಎರಡನೇ ಸಲ ಅದೇ ಕಥೆ ಶುರುವಾಯಿತು ಅಂದರೆ ನೀವು ಕೇಳಿಸಿಕೊಂಡಿದ್ದು ಅವರಿಗೆ ಗೊತ್ತಾಗಿಲ್ಲ ಅಂತ ಅರ್ಥ. ಫೋನಿನಲ್ಲಿ ಇದು ಸಲೀಸಾಗಿ ಆಗುತ್ತದೆ. ಎದುರಿಗಿದ್ದರೆ ತಲೆ ಆಡಿಸಬಹುದು, ಫೋನಿನಲ್ಲಿ ತಲೆ ಕಾಣುವುದಿಲ್ಲ. ಮಾತುಕತೆಯಲ್ಲಿ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರುಮಾಡುವ ನಡುವಿನ ಬಿಡುವು ಸಾಮಾನ್ಯವಾಗಿ ಸೆಕೆಂಡಿನ ಐದನೇ ಒಂದು ಭಾಗದಷ್ಟು. ಜಗತ್ತಿನ ಬೇರೆ ಬೇರೆ ಕಡೆಯ ಹತ್ತು ಭಾಷೆಗಳನ್ನು ಅಳೆದು ನೋಡಿದಾಗಲೂ ಹೆಚ್ಚುಕಮ್ಮಿ ಹೀಗೇ ಕಂಡಿತು. ಅಂಥ ಕಿವಿಗೆ ಎರಡು ಸೆಕೆಂಡಿನ ಮೌನ ತೀರಾ ಉದ್ದ. ಹುಡುಗ ಪಾಪ ಕಂಪ್ಯೂಟರಿನಲ್ಲಿ ಬುಕಿಂಗ್ ಹುಡುಕುತ್ತಿರುತ್ತಾನೆ, ಅತಿಥಿಗೆ ಅದು ಉದಾಸೀನ ಅನ್ನಿಸುತ್ತದೆ. ಆದ್ದರಿಂದ ಕೈ ಮಾಡುವ ಕೆಲಸವನ್ನು ಬಾಯಿ ಹೇಳುತ್ತಿರಬೇಕು. “ಹ್ಞೂಂ ಸರ್”, “ಬರ್ಕೊಳ್ತಾ ಇದೀನಿ”, “ನಿಮ್ಮ ಬುಕಿಂಗ್ ತೆಗೀತಿದೀನಿ.”

ಈಗ 312ಕ್ಕೆ ವಾಪಸ್ ಬರೋಣ. ಸ್ಕ್ರಿಪ್ಟ್ ಪ್ರಕಾರ ನಡೆದರೆ ಹೀಗಿರುತ್ತದೆ:

“ಐದು ನಿಮಿಷ ಅಂದ್ರಿ! ನಲವತ್ತು ನಿಮಿಷ ಆಯ್ತು! ನಮ್ಮಮ್ಮ ಕುರ್ಚಿ ಮೇಲೆ ಕೂತಿದಾರೆ!”

“ನಲವತ್ತು ನಿಮಿಷ ಕಾಯಿಸಿದೀವಿ, ಅದೂ ಅಮ್ಮನವರನ್ನ ಕುರ್ಚಿ ಮೇಲೆ ಕೂರಿಸಿ. ತಪ್ಪು ನಮ್ಮದೇ ಸರ್.”

“ಮತ್ತೆ? ಯಾರಿಗೂ ಜವಾಬ್ದಾರಿನೇ ಇಲ್ವಾ ನಿಮಗೆ?”

“ಇದು ನನ್ನ ಜವಾಬ್ದಾರಿ ಸರ್. ಅಮ್ಮನವರಿಗೆ ಬೇರೆ ಮಂಚನೇ ಬೇಕಾ, ನೆಲದ ಮೇಲೆ ಹಾಸಿಗೆ ಆಗುತ್ತಾ?”

“ನೆಲದ ಮೇಲೆ ಆಗಲ್ಲ. ಮಂಡಿನೋವು.”

ಮೊದಲ ಉತ್ತರದಲ್ಲಿ “ನಿಮಗೆ ಕೋಪ ಬಂದಿದೆ” ಅನ್ನುವ ಮಾತಿಲ್ಲ. ಭಾವನೆಗೆ ಹೆಸರಿಟ್ಟರೆ ಅದರ ಬಿಸಿ ಇಳಿಯುತ್ತದೆ ಅನ್ನುವುದಕ್ಕೆ ಆಧಾರ ಇದೆ. ಮ್ಯಾಥ್ಯೂ ಲೀಬರ್‌ಮನ್ ತಂಡದ 2007ರ ಪ್ರಯೋಗದಲ್ಲಿ, ಸಿಟ್ಟಿನ ಅಥವಾ ಭಯದ ಮುಖಚಿತ್ರಕ್ಕೆ ಪದ ಹುಡುಕಿದವರ ಮಿದುಳಿನ ಅಮಿಗ್ಡಲ ಎಂಬ ಭಾಗ ಕಡಿಮೆ ಚುರುಕಾಗಿತ್ತು. ಆದರೆ ಅಲ್ಲಿ ಪದ ಹುಡುಕಿದ್ದು ನೋಡಿದವರೇ. ಬೇರೆಯವರು ನಮ್ಮ ಕೋಪಕ್ಕೆ ಹೆಸರಿಟ್ಟರೆ ಆರೋಪದ ಹಾಗೆ ಕೇಳುತ್ತದೆ. ಅದಕ್ಕೇ ನಾನು ಕೋಪವನ್ನು ಬಿಟ್ಟು ಅದರ ಕಾರಣವನ್ನು ಹೇಳಿಸುತ್ತೇನೆ, ಆದಷ್ಟೂ ಅತಿಥಿಯ ಮಾತಿನಲ್ಲೇ.

ಎರಡನೇ ಉತ್ತರದ ಪ್ರಶ್ನೆ ನನಗೆ ಬಲು ಇಷ್ಟ. ಅದಕ್ಕೆ ಉತ್ತರಿಸಲು ಒಂದು ಕ್ಷಣ ಯೋಚಿಸಬೇಕು. ಯೋಚಿಸುವ ಹೊತ್ತಿನಲ್ಲಿ ಕೂಗು ಸ್ವಲ್ಪ ತಗ್ಗುತ್ತದೆ. ಪ್ರಶ್ನೆ ಸಣ್ಣದಿರಲಿ, ಉತ್ತರದಿಂದ ನಿಜಕ್ಕೂ ಏನಾದರೂ ಬದಲಾಗಲಿ. “ಬುಕಿಂಗ್ ನಂಬರ್ ಹೇಳಿ” ಅಂತ ಮೊದಲಿಗೇ ಕೇಳಿದರೆ ಮತ್ತೆ ಉರಿ ಹೊತ್ತಿಕೊಳ್ಳುತ್ತದೆ. ರೂಮ್ ನಂಬರ್ ಫೋನಿನ ಪರದೆಯಲ್ಲೇ ಇದೆಯಲ್ಲ!

ಹಾಲು ಇಳಿಯಿತು ಅಂತ ಗೊತ್ತಾಗುವುದು ಹೇಗೆ? ದನಿಗಿಂತ ಕ್ರಿಯಾಪದ ನೋಡಿ ಅನ್ನುತ್ತೇನೆ. “ಹೇಳಿದ್ರಿ, ಕಳಿಸಲಿಲ್ಲ, ಕಾಯಿಸಿದ್ರಿ” ಅನ್ನುತ್ತಿದ್ದವರು “ಯಾವಾಗ ಬರುತ್ತೆ?” ಅಂತಾರೆ. ಭೂತಕಾಲದಿಂದ ಭವಿಷ್ಯಕ್ಕೆ ಬಂದರು. ಪರಿಹಾರ ಹೇಳಲು ಅದೇ ಸಮಯ. ಅದಕ್ಕಿಂತ ಮುಂಚೆ ಹೇಳಿದ ಒಳ್ಳೆಯ ಪರಿಹಾರವೂ ವ್ಯರ್ಥ. ಮೊದಲ ಅರ್ಧ ನಿಮಿಷದಲ್ಲೇ “ಬೇರೆ ರೂಮ್ ಕೊಡ್ತೀವಿ” ಅಂದು ಬೈಸಿಕೊಂಡವರನ್ನು, ಹತ್ತು ನಿಮಿಷದ ನಂತರ ಅದೇ ರೂಮಿಗೆ ಥ್ಯಾಂಕ್ಸ್ ಹೇಳಿಸಿಕೊಂಡವರನ್ನು ನೋಡಿದ್ದೇನೆ.

ಎಲ್ಲರ ಮೇಲೂ ಇದು ನಡೆಯುವುದಿಲ್ಲ. ಕುಡಿದವರ ಹತ್ತಿರ ಕಷ್ಟ. ಕೂಗಿದರೇ ಲಾಭ ಅಂತ ಲೆಕ್ಕ ಹಾಕಿ ಕೂಗುವವರ ಹತ್ತಿರವೂ ಕಷ್ಟ. ಅವಾಚ್ಯ ಶಬ್ದ ಬಂದರೆ ಒಂದು ಸಲ, ಅದೇ ದನಿಯಲ್ಲಿ: “ಸರ್, ಬೆಡ್ ವ್ಯವಸ್ಥೆ ಮಾಡೋಕೆ ನಾನಿದೀನಿ. ಈ ಥರ ಮಾತಾಡಿದರೆ ಫೋನ್ ಇಟ್ಟು ಮ್ಯಾನೇಜರ್ ಹತ್ತಿರ ಮಾಡಿಸ್ತೀನಿ.” ಮತ್ತೆ ಬಂದರೆ ಹೇಳಿದಂತೆ ಮಾಡಿ.

312ರವರು ಕೊನೆಗೆ ಕೇಳಿದರು, “ಸರಿ, ಎಷ್ಟೊತ್ತಾಗುತ್ತೆ?” ಹುಡುಗನ ನಾಲಿಗೆ ತುದಿಗೆ ಮತ್ತೆ “ಐದು ನಿಮಿಷ” ಬಂದಿರುತ್ತದೆ. ಸ್ಕ್ರಿಪ್ಟಿನಲ್ಲಿ ಅಲ್ಲಿ ಕೆಂಪು ಗೆರೆ ಎಳೆದಿದ್ದೇನೆ. ಮೊದಲು ಹೌಸ್‌ಕೀಪಿಂಗ್‌ನವರನ್ನು ಕೇಳಬೇಕು. ಅವರು ಹದಿನೈದು ಅಂದರೆ ಇಪ್ಪತ್ತು ಹೇಳಬೇಕು. “ಮಂಚ 12:05ಕ್ಕೆ ನಿಮ್ಮ ರೂಮಲ್ಲಿರುತ್ತೆ ಸರ್. 11:55ಕ್ಕೆ ಎಲ್ಲಿದೆ ಅಂತ ನಾನೇ ಫೋನ್ ಮಾಡಿ ಹೇಳ್ತೀನಿ.”

11:55ಕ್ಕೆ ಮಂಚ ಇನ್ನೂ ಲಿಫ್ಟ್ ಹತ್ತಿರ ಇದ್ದರೂ ಆ ಫೋನ್ ಹೋಗಲೇಬೇಕು.