ಒಂದು ಬಿಂದು, ಎರಡು ಚಾರ್ಜ್, ಒಂದೇ ದಿಕ್ಕು

ನೋಡಮ್ಮ,

ಮೊನ್ನೆ ಹರಿಹರದ ಬಸ್ಸಿಗೆ ಹೊತ್ತಾಯಿತೆಂದು ನೀನು ಓಡಿದೆ, ವಿದ್ಯುತ್ ಕ್ಷೇತ್ರದ ದಿಕ್ಕು ತೋರಿಸುವ ರೇಖೆಗಳು ಒಂದನ್ನೊಂದು ಏಕೆ ದಾಟುವುದಿಲ್ಲ ಎಂಬುದಕ್ಕೆ ನನ್ನ ಉತ್ತರ ಅರ್ಧಕ್ಕೇ ನಿಂತಿತು. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

'ರೇಖೆಗಳು ದಾಟಿದರೆ ಒಂದೇ ಬಿಂದುವಿನಲ್ಲಿ ಕ್ಷೇತ್ರಕ್ಕೆ ಎರಡು ದಿಕ್ಕು ಬರುತ್ತದೆ, ಆದ್ದರಿಂದ ದಾಟುವುದಿಲ್ಲ.' ಇದನ್ನು ಪ್ರತಿ ವರ್ಷ ಮಕ್ಕಳು ಬಾಯಿಪಾಠ ಮಾಡಿ ಬರೆಯುತ್ತಾರೆ. ನನಗೆ ಬೇಸರ ತರಿಸುವುದು ಅದೇ. ನೀನು ಮಾತ್ರ ಕೇಳಿದೆ: "ಸರ್, ಎರಡು ಚಾರ್ಜ್ ಇದ್ದರೆ ಎರಡು ದಿಕ್ಕು ಇದ್ದೇ ಇರುತ್ತದಲ್ವಾ?"

ನಿನ್ನ ಚಿತ್ರದಲ್ಲಿ ಎ, ಬಿ ಎಂಬ ಎರಡೂ ಚಾರ್ಜ್‌ಗಳಿಂದ ನೇರ ಗೆರೆಗಳು ಹೊರಟು ಒಂದರ ಮೇಲೊಂದು ಹಾದಿವೆ. ಅವು ಎರಡು ಬೇರೆ ಬೇರೆ ಚಿತ್ರಗಳು. ಒಂದು, ಎ ಒಂಟಿಯಾಗಿದ್ದಾಗಿನದು. ಇನ್ನೊಂದು, ಬಿ ಒಂಟಿಯಾಗಿದ್ದಾಗಿನದು. ಎರಡೂ ಒಟ್ಟಿಗಿರುವಾಗ ಆ ಎರಡೂ ಚಿತ್ರ ನಡೆಯುವುದಿಲ್ಲ.

ಲೆಕ್ಕ ಮಾಡೋಣ. ಒಂದು ಬಿಂದು ತೆಗೆದುಕೋ. ಅದರ ಪಶ್ಚಿಮಕ್ಕೆ 30 ಸೆಂ.ಮೀ. ದೂರದಲ್ಲಿ ಎ, ದಕ್ಷಿಣಕ್ಕೆ ಅಷ್ಟೇ ದೂರದಲ್ಲಿ ಬಿ. ಎರಡೂ 1 ಮೈಕ್ರೋಕೂಲಂಬ್, ಧನ. ಎ ಕೊಡುವ ಕ್ಷೇತ್ರ ಒಂದು ಕೂಲಂಬ್‌ಗೆ 1 ಲಕ್ಷ ನ್ಯೂಟನ್, ಪೂರ್ವಕ್ಕೆ. ಬಿ ಕೊಡುವುದೂ ಅಷ್ಟೇ, ಉತ್ತರಕ್ಕೆ. ಈಗ ಅಲ್ಲಿ ಒಂದು ಪುಟ್ಟ ಧನ ಚಾರ್ಜ್ ಇಟ್ಟು ಕೈಬಿಡು. ಅದು ಅರ್ಧ ಪೂರ್ವಕ್ಕೆ, ಅರ್ಧ ಉತ್ತರಕ್ಕೆ ಸೀಳಿ ಹೋಗುತ್ತದಾ? ಇಲ್ಲ. ಈಶಾನ್ಯಕ್ಕೆ ಹೊರಡುತ್ತದೆ. ಅಲ್ಲಿನ ಕ್ಷೇತ್ರ ಸುಮಾರು 1.41 ಲಕ್ಷ, ದಿಕ್ಕು ಒಂದೇ. ರೇಖೆ ಎಳೆಯಬೇಕಾದ್ದು ಈ ಕೂಡಿದ ಕ್ಷೇತ್ರಕ್ಕೆ. ಎಗೆ ತೀರಾ ಹತ್ತಿರ ಬಿಯ ಪಾಲು ಕಡಿಮೆ, ಹಾಗಾಗಿ ಅಲ್ಲಿ ರೇಖೆ ಬಹುತೇಕ ನೇರ. ದೂರ ಹೋದಂತೆ ಬಿಯ ಪಾಲು ಸೇರಿ ಅದು ಬಾಗುತ್ತದೆ. ನಿನ್ನ ಗೆರೆಗಳು ಬಾಗದೆ ಇದ್ದದ್ದಕ್ಕೇ ಒಂದನ್ನೊಂದು ದಾಟಿದವು.

ಹಿಂದೆ ಲ್ಯಾಬಿನಲ್ಲಿ ಇದನ್ನೇ ರವೆಯಿಂದ ತೋರಿಸುತ್ತಿದ್ದೆ. ಗಾಜಿನ ತಟ್ಟೆಯಲ್ಲಿ ಹರಳೆಣ್ಣೆ, ಮೇಲೆ ಚಿಟಿಕೆ ರವೆ, ಎಣ್ಣೆಯಲ್ಲಿ ಎರಡು ಲೋಹದ ತುದಿಗಳು. ಕೆಲವು ಸಾವಿರ ವೋಲ್ಟ್ ಕೊಟ್ಟರೆ ರವೆ ಕಾಳುಗಳು ಸಾಲಾಗಿ ನಿಲ್ಲುತ್ತವೆ. (ಮನೆಯಲ್ಲಿ ಮಾಡಲು ಹೋಗಬೇಡ, ಅಪಾಯ.) ಒಂದು ಕಾಳು ಒಂದೇ ಕಡೆಗೆ ಮಲಗಬಲ್ಲದು, ಅಲ್ವಾ? ತುದಿ ಎಷ್ಟೇ ಇರಲಿ, ಅದಕ್ಕೆ ತಗಲುವುದು ಕೂಡಿದ ಕ್ಷೇತ್ರ ಮಾತ್ರ.

ಇನ್ನೊಂದು ಜಾಗದಲ್ಲಿ ನೀನು ಮತ್ತೆ ಎಡವಬಹುದು. ಎರಡು ಸಮಾನ ಧನ ಚಾರ್ಜ್‌ಗಳ ನಟ್ಟನಡುವೆ ನೋಡು. ಎಡದಿಂದ ಒಂದು ರೇಖೆ, ಬಲದಿಂದ ಒಂದು ರೇಖೆ ಬರುತ್ತವೆ. ಮೇಲಕ್ಕೊಂದು, ಕೆಳಕ್ಕೊಂದು ಹೊರಡುತ್ತವೆ. ಚಿತ್ರದಲ್ಲಿ ಥೇಟ್ ಕೂಡುರಸ್ತೆ. ಆದರೆ ಅಲ್ಲಿ ಎರಡು ಕ್ಷೇತ್ರಗಳೂ ಸಮ, ದಿಕ್ಕು ವಿರುದ್ಧ, ಕೂಡಿದರೆ ಸೊನ್ನೆ. ಸೊನ್ನೆಗೆ ದಿಕ್ಕಿಲ್ಲ. ಆದ್ದರಿಂದ ಆ ಬಿಂದುವಿನ ಮೂಲಕ ಯಾವ ರೇಖೆಯನ್ನೂ ಎಳೆಯುವಂತಿಲ್ಲ. ರವೆಯ ತಟ್ಟೆಯಲ್ಲಿ ಎರಡೂ ತುದಿಗಳನ್ನು ಒಂದೇ ಧ್ರುವಕ್ಕೆ ಜೋಡಿಸಿ, ಸುತ್ತ ಒಂದು ಲೋಹದ ಬಳೆಯನ್ನು ಇನ್ನೊಂದು ಧ್ರುವಕ್ಕೆ ಕೊಟ್ಟಾಗ, ನಡುವಿನ ಆ ಚೂರು ಜಾಗದಲ್ಲಿ ರವೆ ಸಾಲುಗಟ್ಟದೆ ಸುಮ್ನೆ ಚೆಲ್ಲಾಪಿಲ್ಲಿ ಬಿದ್ದಿರುತ್ತದೆ.